ಒಂದೇ ಅಂಚು, ಆರು ಕಾಲ: ಹಳೆಯ ಫೋಟೋದ ಉಡುಪಿನಿಂದ ದಶಕವನ್ನು ಗುರುತಿಸುವುದು

ಹಳೆಯ ಫೋಟೋದಲ್ಲಿ ಗೌನು, ಫ್ರಾಕು, ಸ್ಕರ್ಟು ತೊಟ್ಟ ಹೆಂಗಸರನ್ನು ಕಂಡಾಗ ಕಾಲವನ್ನು ಊಹಿಸಲು ಹೆಚ್ಚಿನವರು ಮೊದಲು ನೋಡುವುದು ಉಡುಪಿನ ಉದ್ದವನ್ನು. ನೆಲ ಗುಡಿಸುವಂತಿದ್ದರೆ 1900ರ ಆಸುಪಾಸು, ಮಂಡಿಯ ಬಳಿ ನಿಂತಿದ್ದರೆ 1920ರ ದಶಕ, ತೊಡೆಯವರೆಗೆ ಏರಿದ್ದರೆ 1960ರ ದಶಕ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ತೀರಾ ಉದ್ದ, ತೀರಾ ಗಿಡ್ಡ ಉಡುಪುಗಳಿಗೆ ಈ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ತೊಡಕಿರುವುದು ಎರಡರ ಮಧ್ಯದಲ್ಲಿ. ಉಡುಪಿನ ಕೆಳಅಂಚು ಮಂಡಿಗೂ ಪಾದಕ್ಕೂ ನಡುವೆ, ಮೀನಖಂಡದ ಮೇಲೆ ಬಂದು ನಿಂತಿರುವ ಫೋಟೋಗಳೇ ಕುಟುಂಬದ ಆಲ್ಬಮ್‌ಗಳಲ್ಲಿ ಹೆಚ್ಚು. ಯುರೋಪು, ಅಮೆರಿಕಗಳ ಉಡುಪಿನಲ್ಲಿ ಈ ಅಂಚು ಇಪ್ಪತ್ತನೆಯ ಶತಮಾನದಲ್ಲಿ ಒಂದು ಸಲವಲ್ಲ, ಕನಿಷ್ಠ ಆರು ಸಲ ಬಂದುಹೋಗಿದೆ: ಮೊದಲ ಮಹಾಯುದ್ಧದ ಮಧ್ಯದಲ್ಲಿ, 1920ರ ದಶಕದ ಮೊದಲರ್ಧದಲ್ಲಿ, 1930ರ ದಶಕದ ಆರಂಭದಲ್ಲಿ, 1947ರ ನಂತರ, 1970ರ ದಶಕದಲ್ಲಿ ಮತ್ತು 1980ರ ದಶಕದಲ್ಲಿ. ಬರೀ ಉದ್ದವನ್ನು ನಂಬಿದರೆ ಅಜ್ಜಿಯ ಫೋಟೋವನ್ನು ಮುತ್ತಜ್ಜಿಯದೆಂದು ತಿಳಿಯಲು ಅಡ್ಡಿಯೇನೂ ಇಲ್ಲ.

ಆದ್ದರಿಂದ ಈ ಲೇಖನ ಮೀನಖಂಡದ ಮೇಲಿನ ಆ ಒಂದೇ ಅಂಚನ್ನು ಹಿಡಿದುಕೊಂಡು ಸಾಗುತ್ತದೆ. ಅದು ಯಾವ ದಶಕದ್ದು ಎಂದು ಬಿಡಿಸಿ ಹೇಳುವುದು ಉಡುಪಿನ ಇನ್ನೆರಡು ಜಾಗಗಳು: ನಡು ಎಲ್ಲಿ ಬಿದ್ದಿದೆ, ಹೆಗಲು ಯಾವ ಆಕಾರದಲ್ಲಿದೆ.

ಮೂರೂ ಸಾಕ್ಷಿಗಳಿಗೆ ಒಂದೇ ತೂಕ ಕೊಡಬಾರದು. ಇದಕ್ಕೆ ಕಾರಣ ಹೊಲಿಗೆಯಲ್ಲಿದೆ. ಅಂಚನ್ನು ಬದಲಾಯಿಸುವುದು ಸುಲಭ. ಒಳಗೆ ಮಡಚಿದ ಬಟ್ಟೆಯನ್ನು ಬಿಚ್ಚಿದರೆ ಉದ್ದವಾಯಿತು, ಇನ್ನಷ್ಟು ಮಡಚಿದರೆ ಗಿಡ್ಡವಾಯಿತು. ಸೂಜಿ ಹಿಡಿಯಲು ಬರುವ ಯಾರೇ ಆದರೂ ಒಂದು ಸಂಜೆಯಲ್ಲಿ ಮುಗಿಸುವ ಕೆಲಸ ಅದು. ನಡುವನ್ನು ಬದಲಿಸುವುದು ಸ್ವಲ್ಪ ಕಷ್ಟ. ಸಡಿಲವಾದ ಉಡುಪಿಗೆ ಬೆಲ್ಟು ಬಿಗಿದು ನಡು ಇರುವಂತೆ ತೋರಿಸಬಹುದು, ಆದರೆ ಅಡ್ಡ ಹೊಲಿಗೆ ಇರುವಲ್ಲೇ ಇರುತ್ತದೆ. ಹೆಗಲನ್ನು ಬದಲಿಸಬೇಕಾದರೆ ತೋಳನ್ನು ಬಿಚ್ಚಿ, ಕಂಕುಳ ಸುತ್ತನ್ನು ಹೊಸದಾಗಿ ಕತ್ತರಿಸಿ, ಮತ್ತೆ ಜೋಡಿಸಬೇಕು. ಅದು ಹೆಚ್ಚುಕಡಿಮೆ ಹೊಸ ಉಡುಪನ್ನೇ ಹೊಲಿದಂತೆ. ಹೀಗಾಗಿ ಅಂಚು ಸುಲಭವಾಗಿ ಸುಳ್ಳು ಹೇಳುತ್ತದೆ, ನಡು ಕೆಲವೊಮ್ಮೆ, ಹೆಗಲು ಅಪರೂಪಕ್ಕೆ. ಅಂಚಿನಿಂದ ಸಾಧ್ಯವಿರುವ ಕಾಲಗಳ ಪಟ್ಟಿ ಮಾಡಿಕೊಂಡು, ನಡುವನ್ನು ನೋಡಿ ಕೆಲವನ್ನು ಹೊಡೆದುಹಾಕಿ, ಕೊನೆಯ ತೀರ್ಮಾನವನ್ನು ಹೆಗಲಿಗೆ ಬಿಡುವುದು ಸರಿಯಾದ ಕ್ರಮ.

ಮೊದಲು ಅಳತೆಯ ವಿಷಯ. ಫೋಟೋದಲ್ಲಿ ಸೆಂಟಿಮೀಟರುಗಳು ಕಾಣುವುದಿಲ್ಲ, ಅನುಪಾತಗಳು ಕಾಣುತ್ತವೆ. ನೇರವಾಗಿ ನಿಂತ ವ್ಯಕ್ತಿಯ ಮಂಡಿ ನೆಲದಿಂದ ಅವರ ಎತ್ತರದ ಕಾಲುಭಾಗಕ್ಕಿಂತ ತುಸು ಮೇಲಿರುತ್ತದೆ. 160 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಅದು ಸುಮಾರು 45 ಸೆಂಟಿಮೀಟರ್. ಮೀನಖಂಡದ ಅತಿ ದಪ್ಪನೆಯ ಭಾಗ ಎತ್ತರದ ಐದರಲ್ಲೊಂದು ಭಾಗದ ಆಸುಪಾಸಿನಲ್ಲಿ, ಅಂದರೆ ನೆಲದಿಂದ 32 ಸೆಂಟಿಮೀಟರ್‌ನಷ್ಟು ಮೇಲೆ. ಒಂದು ಸ್ಕೇಲು ಹಿಡಿದು ನೆತ್ತಿಯಿಂದ ಹಿಮ್ಮಡಿಯವರೆಗೆ ಎಷ್ಟು ಮಿಲಿಮೀಟರ್, ಅಂಚಿನಿಂದ ಹಿಮ್ಮಡಿಯವರೆಗೆ ಎಷ್ಟು ಎಂದು ಅಳೆದು ಭಾಗಿಸಿದರೆ ಸಾಕು. ಎತ್ತರದ ಹಿಮ್ಮಡಿಯ ಬೂಟು ತೊಟ್ಟಿದ್ದರೆ ಲೆಕ್ಕ ಸ್ವಲ್ಪ ಏರುಪೇರಾಗುತ್ತದೆ. ಕುಳಿತವರ ಅಂಚನ್ನು ಅಳೆಯಲೇಬಾರದು. ಕುಳಿತಾಗ ಬಟ್ಟೆ ಮೇಲಕ್ಕೆ ಸರಿಯುತ್ತದೆ, ಮೀನಖಂಡದ ಮೇಲಿದ್ದ ಅಂಚು ಮಂಡಿಗೆ ಹತ್ತಿರವಾಗಿ ಕಾಣುತ್ತದೆ. ಮೆಟ್ಟಿಲ ಮೇಲಿಂದ ಕೆಳಕ್ಕೆ ತೆಗೆದ ಫೋಟೋದಲ್ಲಿ ಕಾಲುಗಳು ಕುಗ್ಗಿ, ಉಡುಪು ಇದ್ದುದಕ್ಕಿಂತ ಉದ್ದವಾಗಿ ತೋರುತ್ತದೆ.

ನಡುವಿಗೆ ಮೊಣಕೈಯೇ ಅಳತೆಗೋಲು. ತೋಳು ನೇರವಾಗಿ ಇಳಿಬಿಟ್ಟಾಗ ಮೊಣಕೈ ನಡುವಿನ ಅತಿ ಸಣ್ಣನೆಯ ಜಾಗಕ್ಕೆ ಸಮನಾಗಿ ಬರುತ್ತದೆ. ಬೆಲ್ಟು ಅಥವಾ ಅಡ್ಡ ಹೊಲಿಗೆ ಮೊಣಕೈಯ ಮಟ್ಟದಲ್ಲಿದ್ದರೆ ನಡು ಸಹಜ ಸ್ಥಾನದಲ್ಲಿದೆ ಎಂದರ್ಥ. ಅದಕ್ಕಿಂತ ಮೇಲೆ, ಎದೆಯ ಕೆಳಗೇ ಇದ್ದರೆ ಏರಿದ ನಡು. ಮೊಣಕೈಗೂ ಮಣಿಕಟ್ಟಿಗೂ ನಡುವೆ, ಸೊಂಟದ ಮೂಳೆಯ ಮೇಲೆ ಬಿದ್ದಿದ್ದರೆ ಇಳಿದ ನಡು. ಹೆಗಲಲ್ಲಿ ನೋಡಬೇಕಾದದ್ದು ಮೂರು ವಿಷಯ. ಕುತ್ತಿಗೆಯಿಂದ ತೋಳಿನವರೆಗಿನ ರೇಖೆ ಇಳಿಜಾರಾಗಿದೆಯೇ ಚಪ್ಪಟೆಯಾಗಿದೆಯೇ, ತೋಳು ಜೋಡಿಸಿದ ಹೊಲಿಗೆ ಹೆಗಲಿನ ಮೂಳೆಯ ಮೇಲೆಯೇ ಇದೆಯೇ ಅಥವಾ ಅದರ ಒಳಗೋ ಹೊರಗೋ ಇದೆಯೇ, ತೋಳಿನ ನೆತ್ತಿಯಲ್ಲಿ ನೆರಿಗೆ ಇಟ್ಟು ಉಬ್ಬಿಸಿದ್ದಾರೆಯೇ. ಫೋಟೋ ಮಸುಕಾಗಿದ್ದರೂ ಹೆಗಲಿನ ಹೊರರೇಖೆ ಉಳಿದಿರುತ್ತದೆ.

ಈಗ ಆರು ಕಾಲಗಳಿಗೆ ಬರೋಣ. 1900ರ ದಶಕದ ಹಗಲಿನ ಉಡುಪು ನೆಲದವರೆಗಿತ್ತು. ಗಟ್ಟಿ ಕಾರ್ಸೆಟ್ಟು ನಡುವನ್ನು ಬಿಗಿದು, ಎದೆಯನ್ನು ಮುಂದಕ್ಕೂ ಹಿಂಭಾಗವನ್ನು ಹಿಂದಕ್ಕೂ ತಳ್ಳುತ್ತಿತ್ತು. 1908ರ ನಂತರ ನಡು ಸ್ವಲ್ಪ ಮೇಲೇರಿತು, ಸ್ಕರ್ಟು ಕೊಳವೆಯಂತೆ ಕಿರಿದಾಯಿತು. 1910ರಿಂದ ಕೆಲವು ವರ್ಷ ಅದು ಹೆಜ್ಜೆ ಹಾಕಲೂ ಕಷ್ಟವಾಗುವಷ್ಟು ಇಕ್ಕಟ್ಟಾಗಿತ್ತು. ಯುದ್ಧ ಆರಂಭವಾದ ಮೇಲೆ 1915–16ರಲ್ಲಿ ಚಿತ್ರ ತಟ್ಟನೆ ಬದಲಾಗುತ್ತದೆ. ಸ್ಕರ್ಟು ಗಂಟೆಯಂತೆ ಅಗಲವಾಗಿ ಹರಡಿಕೊಂಡು, ಕಾಲ್ಗಿಣ್ಣನ್ನು ಬಿಟ್ಟು ಮೀನಖಂಡದ ಕೆಳಭಾಗಕ್ಕೆ ಏರುತ್ತದೆ. ಕೆಳಗೆ ಎತ್ತರದ ಬೂಟುಗಳು ಕಾಣುತ್ತವೆ. ನಡು ಸಹಜ ಸ್ಥಾನದಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ, ಅಗಲ ಪಟ್ಟಿಯಲ್ಲಿ. ಹೆಗಲು ಇಳಿಜಾರಾಗಿದ್ದು ಯಾವ ಉಬ್ಬೂ ಇಲ್ಲ. ಅಗಲವಾದ ಸ್ಕರ್ಟು, ಏರಿದ ನಡು, ಮೆತ್ತನೆಯ ಹೆಗಲು ಈ ಮೂರೂ ಒಟ್ಟಿಗೆ ಕಂಡರೆ ಯುದ್ಧದ ಮಧ್ಯದ ವರ್ಷಗಳೇ.

1920ರ ದಶಕದ ಬಗ್ಗೆ ಜನರಲ್ಲಿರುವ ತಪ್ಪು ಕಲ್ಪನೆಯೇ ಹೆಚ್ಚು. ಆ ದಶಕವೆಂದರೆ ಮಂಡಿಯವರೆಗಿನ ಉಡುಪು ಎಂದು ಸಿನಿಮಾಗಳು ನಮ್ಮನ್ನು ನಂಬಿಸಿವೆ. ಮಂಡಿಯ ಮಟ್ಟಕ್ಕೆ ಅಂಚು ಏರಿದ್ದು ಸುಮಾರು 1926ರಿಂದ 1928ರವರೆಗಿನ ಕೆಲವೇ ವರ್ಷ. 1920–21ರಲ್ಲಿ ಅಂಚು ಮೀನಖಂಡದ ಮೇಲಿತ್ತು. 1922–23ರಲ್ಲಿ ಮತ್ತೆ ಕೆಳಗಿಳಿದು ಕಾಲ್ಗಿಣ್ಣಿನ ಸಮೀಪಕ್ಕೆ ಬಂತು. 1924ರಿಂದ ಏರತೊಡಗಿ 1925ರಲ್ಲಿ ಮೀನಖಂಡವನ್ನು ದಾಟಿತು. ಇಷ್ಟು ಏರಿಳಿತ ಒಂದೇ ದಶಕದೊಳಗೆ ನಡೆದಿರುವುದರಿಂದ ಇಲ್ಲಿ ನಡುವೇ ನಮಗೆ ಆಸರೆ, ಏಕೆಂದರೆ ನಡು ಒಂದೇ ದಿಕ್ಕಿನಲ್ಲಿ ಚಲಿಸಿತು. ದಶಕದ ಆರಂಭದಲ್ಲಿ ಅದು ಸಡಿಲವಾಗಿ ಸಹಜ ಸ್ಥಾನದ ಆಸುಪಾಸಿನಲ್ಲಿತ್ತು, 1922–23ರ ಹೊತ್ತಿಗೆ ಸೊಂಟದ ಮೂಳೆಗೆ ಇಳಿದಿತ್ತು, 1928ರವರೆಗೆ ಅಲ್ಲೇ ಉಳಿಯಿತು. ಮೀನಖಂಡದ ಅಂಚಿಗೆ ಸಡಿಲವಾದ ಸಹಜ ನಡು ಜೊತೆಯಾದರೆ 1920–21, ಸೊಂಟದ ಮೇಲಿನ ನಡು ಜೊತೆಯಾದರೆ 1924–25 ಎಂದು ಬಿಡಿಸಬಹುದು. ಹೆಗಲು ದಶಕದುದ್ದಕ್ಕೂ ಕಿರಿದು, ಸಹಜ, ಯಾವ ತುಂಬುವಿಕೆಯೂ ಇಲ್ಲದ್ದು. ಎದೆ, ನಡು, ಸೊಂಟಗಳ ಏರಿಳಿತವನ್ನು ಮುಚ್ಚಿ ಇಡೀ ದೇಹವನ್ನು ನೇರ ಕೊಳವೆಯಂತೆ ತೋರಿಸುವುದೇ ಆ ಕಾಲದ ಆಸೆ. ಹೆಗಲು ಅಗಲವಾದರೆ ಆ ಕೊಳವೆ ಕೆಡುತ್ತಿತ್ತು.

1929ರಲ್ಲಿ ಪ್ಯಾರಿಸಿನ ಜ್ಯಾಂ ಪತೂ ಮತ್ತಿತರ ವಿನ್ಯಾಸಕಾರರು ಅಂಚನ್ನು ಇಳಿಸಿ, ನಡುವನ್ನು ಮತ್ತೆ ಸಹಜ ಸ್ಥಾನಕ್ಕೆ ತಂದರು. ಷೇರು ಮಾರುಕಟ್ಟೆ ಬಿದ್ದಾಗ ಲಂಗವೂ ಇಳಿಯುತ್ತದೆ ಎಂಬ ಜನಪ್ರಿಯ ಮಾತು ಇದನ್ನೇ ಉದಾಹರಣೆಯಾಗಿ ಕೊಡುತ್ತದೆ. ಆದರೆ ಉದ್ದ ಉಡುಪುಗಳು ಪ್ಯಾರಿಸಿನಲ್ಲಿ ಪ್ರದರ್ಶನಗೊಂಡದ್ದು ಅಕ್ಟೋಬರ್ ತಿಂಗಳ ಕುಸಿತಕ್ಕೂ ಮುಂಚೆ. ಕಾಲವನ್ನು ಗುರುತಿಸುವವರಿಗೆ ಆ ಸಿದ್ಧಾಂತದಿಂದ ಪ್ರಯೋಜನವಿಲ್ಲ.

1930ರಿಂದ ಸುಮಾರು 1936ರವರೆಗೆ ಹಗಲಿನ ಉಡುಪು ಮತ್ತೆ ಮೀನಖಂಡದ ಮೇಲೆ. ಆದರೆ ಇದು ಹಿಂದಿನ ದಶಕದ ಉಡುಪಿಗಿಂತ ಪೂರ್ತಿ ಬೇರೆ. ನಡು ಮೊಣಕೈಯ ಮಟ್ಟದಲ್ಲಿದೆ, ಬೆಲ್ಟು ಅದನ್ನು ಎತ್ತಿ ತೋರಿಸುತ್ತದೆ. ಬಟ್ಟೆಯನ್ನು ನೂಲಿಗೆ ಓರೆಯಾಗಿ ಕತ್ತರಿಸುವ ವಿಧಾನ, ನಮ್ಮ ದರ್ಜಿಗಳು ಕ್ರಾಸ್ ಕಟಿಂಗ್ ಎನ್ನುವುದು, ಆಗ ಬಹಳ ಜನಪ್ರಿಯವಾಯಿತು. ಪ್ಯಾರಿಸಿನ ಮ್ಯಾಡ್ಲೀನ್ ವಿಯೊನೆ ಅದರಲ್ಲಿ ಹೆಸರು ಮಾಡಿದವರು. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಂತೆ ಹಿಗ್ಗುತ್ತದೆ, ಮೈಗೆ ಅಂಟಿಕೊಂಡು ಕೆಳಗೆ ಬಂದಂತೆ ಅಲೆಅಲೆಯಾಗಿ ಬಿಡುತ್ತದೆ. ಹಾಗಾಗಿ ಆ ಕಾಲದ ಸ್ಕರ್ಟು ಸೊಂಟದ ಮೇಲೆ ನಯವಾಗಿ ಕೂತು, ಮಂಡಿಯ ಬಳಿಯಿಂದ ಮಾತ್ರ ಅಗಲವಾಗುತ್ತದೆ. ಅಗಲ ಎಲ್ಲಿಂದ ಆರಂಭವಾಗುತ್ತದೆ ಎಂಬ ಈ ಒಂದು ವಿವರ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಹೆಗಲು ಆರಂಭದಲ್ಲಿ ಮೆತ್ತಗೆ, ಪುಟ್ಟ ಮೇಲುಹೊದಿಕೆಯಂತೆ ಇಳಿಬಿದ್ದ ತೋಳುಗಳೊಂದಿಗೆ. 1932ರಲ್ಲಿ ಹಾಲಿವುಡ್‌ನ ಏಡ್ರಿಯನ್ ನಟಿ ಜೋನ್ ಕ್ರಾಫರ್ಡ್‌ಗೆ ಹೆಗಲ ಮೇಲೆ ದೊಡ್ಡ ಝಾಲರಿಗಳ ಗೌನೊಂದನ್ನು ವಿನ್ಯಾಸಗೊಳಿಸಿದ ಮೇಲೆ ಹೆಗಲು ಎಲ್ಲರ ಕಣ್ಣಿಗೆ ಬೀಳುವ ಜಾಗವಾಯಿತು. ಅಲ್ಲಿಂದ ತೋಳಿನ ನೆತ್ತಿಯಲ್ಲಿ ನೆರಿಗೆ, ಪುಗ್ಗೆ, ಕೊನೆಗೆ ಒಳಗೆ ಪ್ಯಾಡು. ದಶಕದ ಕೊನೆಗೆ ಹೆಗಲು ಅಗಲವಾಗಿತ್ತು, ಅಂಚು ಮಂಡಿಯ ಸ್ವಲ್ಪ ಕೆಳಕ್ಕೆ ಏರಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಚೌಕಾಕಾರದ ಹೆಗಲನ್ನು ಕಂಡೊಡನೆ ಎರಡನೆಯ ಮಹಾಯುದ್ಧದ ಸೈನಿಕ ಸಮವಸ್ತ್ರದ ಪ್ರಭಾವ ಎಂದುಬಿಡುವುದು ವಾಡಿಕೆ. ಯುದ್ಧ ಆರಂಭವಾಗುವ ಮುಂಚೆಯೇ ಆ ಹೆಗಲು ಬಂದಾಗಿತ್ತು. ಯುದ್ಧ ಮಾಡಿದ್ದು ಅದನ್ನು ಇದ್ದಲ್ಲೇ ನಿಲ್ಲಿಸಿದ್ದು. ಬ್ರಿಟನ್ನಿನಲ್ಲಿ 1941ರ ಜೂನ್ 1ರಿಂದ ಬಟ್ಟೆಗೆ ಪಡಿತರ ಬಂತು, 1949ರ ಮಾರ್ಚ್‌ವರೆಗೆ ಅದು ಮುಂದುವರಿಯಿತು. ಅಮೆರಿಕದಲ್ಲಿ 1942ರ ಸರ್ಕಾರಿ ಆದೇಶ ಸ್ಕರ್ಟಿನ ಉದ್ದ, ಸುತ್ತಳತೆ ಎರಡನ್ನೂ ಮಿತಿಗೊಳಿಸಿತು. ಬಟ್ಟೆಯ ಅಭಾವದಿಂದ ಅಂಚು ಮಂಡಿಯ ಮಟ್ಟದಲ್ಲೇ ಉಳಿಯಿತು, ಸ್ಕರ್ಟು ಕಿರಿದಾಗಿಯೇ ಇತ್ತು. ಆದ್ದರಿಂದ 1941ರಿಂದ 1946ರವರೆಗಿನ ಫೋಟೋಗಳಲ್ಲಿ ಉಡುಪಿನ ಹೊರರೇಖೆ ಅಷ್ಟಾಗಿ ಬದಲಾಗುವುದೇ ಇಲ್ಲ. ಅಲ್ಲಿ ವರ್ಷವನ್ನು ಹೇಳಹೊರಡುವುದು ವ್ಯರ್ಥ ಪ್ರಯತ್ನ.

1947ರ ಫೆಬ್ರುವರಿ 12ರಂದು ಪ್ಯಾರಿಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ತಮ್ಮ ಮೊದಲ ಸಂಗ್ರಹವನ್ನು ತೋರಿಸಿದರು. ಪತ್ರಿಕೆಗಳು ಅದನ್ನು ನ್ಯೂ ಲುಕ್ ಎಂದು ಕರೆದವು. ಅಂಚು ನೆಲದಿಂದ ಸುಮಾರು 30 ಸೆಂಟಿಮೀಟರ್ ಮೇಲೆ, ಅಂದರೆ ನಮ್ಮ ಮೀನಖಂಡಕ್ಕೇ ಮರಳಿತು. ನಡು ಸಹಜ ಸ್ಥಾನದಲ್ಲಿದ್ದರೂ ಒಳಗಿನ ಬಿಗಿ ಪಟ್ಟಿಯಿಂದ ಅತಿ ಸಣ್ಣದಾಯಿತು, ಅದರ ಕೆಳಗೆ ಸೊಂಟವನ್ನು ಪ್ಯಾಡಿಟ್ಟು ಉಬ್ಬಿಸಿದರು. ಹೆಗಲಿನ ಪ್ಯಾಡು ಹೋಗಿ ಗುಂಡನೆಯ ಇಳಿಜಾರು ಬಂತು. 1930ರ ದಶಕದ ಸ್ಕರ್ಟು ಮಂಡಿಯಿಂದ ಅಗಲವಾದರೆ, ಇದು ನಡುವಿನಿಂದಲೇ ಅಗಲವಾಗುತ್ತದೆ. ಜೊತೆಗೆ ಪೆನ್ಸಿಲಿನಂತೆ ನೇರವಾದ ಕಿರಿದಾದ ಸ್ಕರ್ಟೂ ಇದೇ ಉದ್ದದಲ್ಲಿ ಚಾಲ್ತಿಯಲ್ಲಿತ್ತು. ಅದರಲ್ಲಿ ಅಗಲದ ಸುಳಿವು ಸಿಗದೆ ಇರುವುದರಿಂದ ಹೆಗಲನ್ನೇ ನೋಡಬೇಕು.

ಈ ಬದಲಾವಣೆ ಸಾಮಾನ್ಯ ಜನರನ್ನು ತಲುಪಿದ ಬಗೆ ಕಾಲವನ್ನು ಗುರುತಿಸುವವರಿಗೆ ಒಂದು ವರ. ಹೆಂಗಸರು ಹೊಸ ಉದ್ದವನ್ನು ಮೊದಲು ಒಪ್ಪಿಕೊಂಡರು, ಹೊಸ ಹೆಗಲನ್ನು ನಂತರ. ಕಾರಣ ಮೇಲೆ ಹೇಳಿದ್ದೇ: ಸ್ಕರ್ಟನ್ನು ಉದ್ದ ಮಾಡಿಕೊಳ್ಳಬಹುದು, ಕೋಟಿನ ಹೆಗಲನ್ನು ಬದಲಿಸಲು ಆಗದು. ಪಡಿತರ ಇದ್ದ ಬ್ರಿಟನ್ನಿನಲ್ಲಿ ಹಳೆಯ ಸ್ಕರ್ಟಿನ ಕೆಳಗೆ ಬೇರೆ ಬಟ್ಟೆಯ ಪಟ್ಟಿ ಜೋಡಿಸಿಕೊಂಡವರೂ ಇದ್ದರು. ಹಾಗಾಗಿ ಮೀನಖಂಡದ ಅಂಚಿನೊಂದಿಗೆ ಯುದ್ಧಕಾಲದ ಚೌಕ ಹೆಗಲು ಒಂದೇ ಮೈಮೇಲೆ ಕಂಡರೆ, ಅದು 1947ರಿಂದ 1950ರ ನಡುವಿನ ಉಡುಪೆಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಹೊಂದಾಣಿಕೆ ಇಲ್ಲದ ಉಡುಪು ಹೊಂದಿಕೊಂಡ ಉಡುಪಿಗಿಂತ ಹೆಚ್ಚು ನಿಖರವಾದ ಕಾಲವನ್ನು ಕೊಡುವುದು ಈ ವಿದ್ಯೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ.

1950ರ ದಶಕದ ಕೊನೆಗೆ ನಡು ಕರಗತೊಡಗಿತು. 1957ರಲ್ಲಿ ಬಾಲೆನ್ಸಿಯಾಗ, ಜಿವಾಂಶಿ ನಡುವೇ ಇಲ್ಲದ ಚೀಲದಂತಹ ಉಡುಪನ್ನು ತಂದರು. ಅಂಚು ಮಂಡಿಗೆ ಏರಿತು, 1960ರ ದಶಕದ ಮಧ್ಯದಲ್ಲಿ ಮಂಡಿಯನ್ನು ದಾಟಿತು. 1965ರ ಅಕ್ಟೋಬರ್‌ನಲ್ಲಿ ರೂಪದರ್ಶಿ ಜೀನ್ ಶ್ರಿಂಪ್ಟನ್ ಮೆಲ್ಬರ್ನ್ ಕುದುರೆ ರೇಸಿಗೆ ಮಂಡಿಗಿಂತ ಸುಮಾರು 10 ಸೆಂಟಿಮೀಟರ್ ಮೇಲಿನ ಉಡುಪಿನಲ್ಲಿ ಹೋದಾಗ ದೊಡ್ಡ ಗದ್ದಲವೇ ಎದ್ದಿತು. ಸಾಮಾನ್ಯ ಮನೆಗಳ ಫೋಟೋಗಳಲ್ಲಿ ತೊಡೆಯ ಮಟ್ಟದ ಅಂಚು ಕಾಣುವುದು ಅದಾದ ಮೇಲೆಯೇ.

ಮೀನಖಂಡಕ್ಕೆ ಅಂಚು ಮರಳಿದ್ದು 1970ರಲ್ಲಿ. ವಿನ್ಯಾಸಕಾರರೂ ಪತ್ರಿಕೆಗಳೂ ಮಿಡಿ ಎಂಬ ಹೆಸರಿನಲ್ಲಿ ಅದನ್ನು ಒತ್ತಾಯದಿಂದಲೇ ತಂದರು. ಅನೇಕ ಹೆಂಗಸರು ಒಪ್ಪಲಿಲ್ಲ, ಪ್ಯಾಂಟಿಗೆ ಹೊರಳಿದರು. ಅಲ್ಲಿಂದ ಮುಂದೆ ಒಂದೇ ವರ್ಷದಲ್ಲಿ ಎಲ್ಲ ಉದ್ದಗಳೂ ಚಾಲ್ತಿಯಲ್ಲಿ ಇದ್ದುದರಿಂದ ಅಂಚಿನ ಸಾಕ್ಷ್ಯದ ಬೆಲೆ ಬಹಳ ಇಳಿಯುತ್ತದೆ. 1970ರ ದಶಕದ ಉಡುಪು 1930ರ ದಶಕದ ಶೈಲಿಯನ್ನು ಬೇಕೆಂದೇ ಅನುಕರಿಸುತ್ತಿತ್ತು. ಆದರೂ ಹೆಗಲು ಗುಟ್ಟು ಬಿಟ್ಟುಕೊಡುತ್ತದೆ: ಕಂಕುಳ ಸುತ್ತು ಚಿಕ್ಕದು, ತೋಳಿನ ಮೇಲ್ಭಾಗ ಬಿಗಿ, ಹೆಗಲಿನ ಹೊಲಿಗೆ ಮೂಳೆಯ ಒಳಗೇ ಸೇರಿಕೊಂಡಿರುತ್ತದೆ. ಮೈ ಚಿಕ್ಕದಾಗಿ, ಕಾಲರು ದೊಡ್ಡದಾಗಿ ಕಾಣುತ್ತದೆ. 1980ರ ದಶಕದಲ್ಲಿ ಹೆಗಲು ಮತ್ತೆ ಅಗಲ. 1940ರ ದಶಕದ ಹೆಗಲಿಗೂ ಇದಕ್ಕೂ ಇರುವ ವ್ಯತ್ಯಾಸ ಪ್ಯಾಡಿನಲ್ಲಿಲ್ಲ, ಕಂಕುಳಲ್ಲಿದೆ. 1940ರ ದಶಕದ್ದು ಮೈಗೆ ಸರಿಯಾಗಿ ಕತ್ತರಿಸಿದ ಕೋಟು, ಕಂಕುಳ ಹೊಲಿಗೆ ಮೇಲಿರುತ್ತದೆ, ತೋಳು ಕಿರಿದಾಗಿ ಇಳಿಯುತ್ತದೆ. 1980ರ ದಶಕದ್ದರಲ್ಲಿ ಹೊಲಿಗೆ ಹೆಗಲಿನ ಮೂಳೆಯನ್ನು ದಾಟಿ ಹೊರಬಿದ್ದಿರುತ್ತದೆ, ಕಂಕುಳ ಆಳವಾಗಿ ಇಳಿದಿರುತ್ತದೆ, ಮೈ ಸಡಿಲ, ಅದರ ಮೇಲೆ ಅಗಲ ಬೆಲ್ಟು. ಆ ದಶಕದಲ್ಲಿ ಇಳಿದ ನಡುವೂ ಮರಳಿ ಬಂದಿತ್ತು. ಆದರೆ ಇಳಿದ ನಡುವಿನ ಜೊತೆ ಅಗಲ ಹೆಗಲು ಕಂಡರೆ ಅದು 1920ರ ದಶಕವಾಗಲು ಸಾಧ್ಯವೇ ಇಲ್ಲ.

ಈಗ ಒಂದು ಫೋಟೋವನ್ನು ಕೈಗೆತ್ತಿಕೊಳ್ಳೋಣ. ನನ್ನ ಸಂಗ್ರಹದಲ್ಲಿರುವ ಕಪ್ಪುಬಿಳುಪು ಪ್ರತಿ, ಅಂಗೈಯಷ್ಟು ದೊಡ್ಡದು. ಒಂದು ಇಟ್ಟಿಗೆ ಮನೆಯ ಮುಂದೆ ಮೂವರು ಹೆಂಗಸರು ಸಾಲಾಗಿ ನಿಂತಿದ್ದಾರೆ. ಹಿಂಬದಿಯಲ್ಲಿ ಬಾಲ್‌ಪಾಯಿಂಟ್ ಪೆನ್ನಿನಿಂದ 1938 ಎಂದು ಬರೆದಿದೆ. ಬಾಲ್‌ಪಾಯಿಂಟ್ ಪೆನ್ನು ಮಾರುಕಟ್ಟೆಗೆ ಬಂದು ಜನರ ಕೈ ಸೇರಿದ್ದು 1940ರ ದಶಕದ ಮಧ್ಯದ ನಂತರ. ಅಂದಮೇಲೆ ಈ ವರ್ಷವನ್ನು ಯಾರೋ ಆಮೇಲೆ, ನೆನಪಿನಿಂದ ಬರೆದಿದ್ದಾರೆ. ನೆನಪಿನ ವರ್ಷವನ್ನು ಪರೀಕ್ಷೆಗೆ ಒಡ್ಡಬೇಕಾದದ್ದು, ಒಪ್ಪಿಕೊಳ್ಳಬೇಕಾದದ್ದಲ್ಲ.

ಬಲಗಡೆ ಇರುವವಳು ಇಪ್ಪತ್ತರ ಆಸುಪಾಸಿನವಳು. ಅವಳ ಎತ್ತರ ಫೋಟೋದಲ್ಲಿ 80 ಮಿಲಿಮೀಟರ್, ಅಂಚಿನಿಂದ ಹಿಮ್ಮಡಿಗೆ 16 ಮಿಲಿಮೀಟರ್. ಸರಿಯಾಗಿ ಐದರಲ್ಲೊಂದು ಭಾಗ, ಮೀನಖಂಡದ ಮಧ್ಯ. ಆರು ಕಾಲಗಳೂ ಸದ್ಯಕ್ಕೆ ಸಾಧ್ಯ. ತೋಳು ಇಳಿಬಿಟ್ಟಿದ್ದಾಳೆ, ಬೆಲ್ಟು ಮೊಣಕೈಯ ಮಟ್ಟದಲ್ಲೇ ಇದೆ, ಉಡುಪು ನಡುವಿಗೆ ಹೊಂದಿ ಕೂತಿದೆ. ಇಲ್ಲಿಗೆ 1920ರ ದಶಕ ಹೋಯಿತು. ಸ್ಕರ್ಟು ಗಂಟೆಯಂತೆ ಹರಡಿಲ್ಲ, ಆದ್ದರಿಂದ 1915–16 ಕೂಡ ಹೋಯಿತು. ಸೊಂಟದ ಮೇಲೆ ಬಟ್ಟೆ ನಯವಾಗಿ ಹರಿದು ಮಂಡಿಯ ಬಳಿ ಬಂದು ಅಗಲವಾಗುತ್ತದೆ. ಅಂದರೆ 1947ರ ನಂತರದ ಅಗಲ ಸ್ಕರ್ಟಲ್ಲ. ಹೆಗಲಿನ ಹೊಲಿಗೆ ಮೂಳೆಯ ಮೇಲೇ ಇದೆ, ರೇಖೆ ಕುತ್ತಿಗೆಯಿಂದ ಮೆಲ್ಲಗೆ ಇಳಿಯುತ್ತದೆ, ತೋಳಿನ ನೆತ್ತಿಯಲ್ಲಿ ಸಣ್ಣ ನೆರಿಗೆಗಳಿವೆ, ಪ್ಯಾಡು ಇಲ್ಲ. 1980ರ ದಶಕವಂತೂ ಅಲ್ಲ. ಕಂಕುಳ ಬಿಗಿಯಾಗಿಲ್ಲ, ತೋಳು ಸಡಿಲವಾಗಿದೆ, ಆದ್ದರಿಂದ 1970ರ ದಶಕವೂ ಅಲ್ಲ. ಉಳಿದದ್ದು 1930ರ ದಶಕದ ಮೊದಲರ್ಧ. ತೋಳಿನ ನೆರಿಗೆಯನ್ನು ಗಮನಿಸಿದರೆ 1932ರ ನಂತರ, ಪ್ಯಾಡು ಇನ್ನೂ ಬಂದಿಲ್ಲವಾದ್ದರಿಂದ 1936ರ ಮುಂಚೆ.

ಮಧ್ಯದಲ್ಲಿರುವ ಹೆಂಗಸಿಗೆ ಐವತ್ತು ದಾಟಿರಬೇಕು. ಅವಳ ಉಡುಪೂ ಅದೇ ಉದ್ದ, ಆದರೆ ಪಟ್ಟಿ ಸೊಂಟದ ಮೂಳೆಯ ಮೇಲಿದೆ. ಅವಳೊಬ್ಬಳನ್ನೇ ನೋಡಿದರೆ 1924–25 ಎಂದು ಹೇಳಿಬಿಡಬಹುದು. ಭೂತಗನ್ನಡಿ ಹಿಡಿದು ನೋಡಿದಾಗ ಅಂಚಿಗಿಂತ ಸ್ವಲ್ಪ ಮೇಲೆ, ಅಂಚಿಗೆ ಸಮನಾಗಿ, ಸ್ಕರ್ಟಿನ ಸುತ್ತ ಒಂದು ತೆಳು ಗೆರೆ ಕಾಣುತ್ತದೆ. ಅದರ ಕೆಳಗಿನ ಪಟ್ಟಿಯ ಬಣ್ಣ ಮೇಲಿನದಕ್ಕಿಂತ ಗಾಢ. ಒಳಗೆ ಮಡಚಿದ ಬಟ್ಟೆ ಬಿಸಿಲು, ಒಗೆತಗಳಿಗೆ ಕಡಿಮೆ ಸಿಕ್ಕಿ ಬಣ್ಣ ಉಳಿಸಿಕೊಂಡಿರುತ್ತದೆ, ಬಿಚ್ಚಿದಾಗ ಹಳೆಯ ಮಡಿಕೆಯ ಗುರುತು ಗೆರೆಯಾಗಿ ಉಳಿಯುತ್ತದೆ. 1920ರ ದಶಕದ ಕೊನೆಯ ಗಿಡ್ಡ ಉಡುಪೊಂದನ್ನು 1930ರ ಹೊಸ ಉದ್ದಕ್ಕೆ ಬಿಚ್ಚಿಕೊಂಡಿದ್ದಾಳೆ. ಅಂಚು ಹೊಸದು, ನಡು ಹಳೆಯದು. ಮೂರನೆಯವಳು ಕೋಟಿನ ಒಳಗಿದ್ದಾಳೆ, ಅವಳಿಂದ ಏನೂ ತಿಳಿಯುವುದಿಲ್ಲ.

ಗುಂಪಿನ ಫೋಟೋದಲ್ಲಿ ಅತಿ ಹೊಸ ಉಡುಪೇ ಕಾಲವನ್ನು ನಿರ್ಧರಿಸುತ್ತದೆ, ಏಕೆಂದರೆ ಹಳೆಯದನ್ನು ಯಾರು ಬೇಕಾದರೂ ಎಷ್ಟು ವರ್ಷ ಬೇಕಾದರೂ ತೊಡಬಹುದು, ಇನ್ನೂ ಹುಟ್ಟದ ಶೈಲಿಯನ್ನು ತೊಡಲಾಗದು. ಹಾಗಾದರೆ 1938ರಲ್ಲಿ ಹುಡುಗಿ ಐದು ವರ್ಷ ಹಳೆಯ ಉಡುಪಿನಲ್ಲಿ ನಿಂತಿರಬಾರದೇಕೆ? ಇರಬಹುದು. ಆದರೆ 1938ರ ಹೊತ್ತಿಗೆ ಅಂಚು ಮಂಡಿಯ ಸಮೀಪಕ್ಕೆ ಏರಿತ್ತು. ಉದ್ದ ಉಡುಪನ್ನು ಗಿಡ್ಡ ಮಾಡುವುದು ಗಿಡ್ಡ ಉಡುಪನ್ನು ಉದ್ದ ಮಾಡುವುದಕ್ಕಿಂತ ಸುಲಭ, ಅದಕ್ಕೆ ಹೆಚ್ಚಿನ ಬಟ್ಟೆಯೇ ಬೇಡ. ಫೋಟೋಗೆಂದು ತಲೆ ಬಾಚಿ, ಬೆಲ್ಟು ಬಿಗಿದು ನಿಂತ ಇಪ್ಪತ್ತರ ಹುಡುಗಿ ಅಷ್ಟನ್ನೂ ಮಾಡಿಕೊಳ್ಳದೆ ಇರುವುದು ಅಸಂಭವ. ತಾಯಿಯ ವಯಸ್ಸಿನವಳೇ ಅಂಚು ಬಿಚ್ಚಿ ಕಾಲಕ್ಕೆ ಹೊಂದಿಕೊಂಡಿರುವ ಮನೆಯದು. ಆದ್ದರಿಂದ 1933ರಿಂದ 1935 ಎಂದು ಗುರುತು ಮಾಡಿ, ಹಿಂಬದಿಯ ವರ್ಷವನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಕಾರಣವನ್ನೂ ಬರೆದಿಟ್ಟಿದ್ದೇನೆ.

ಈ ವಿಧಾನ ಕೈಕೊಡುವ ಜಾಗಗಳೂ ಇವೆ. ಮೊದಲನೆಯದು ಹುಡುಗಿಯರು. ಶತಮಾನದ ಆರಂಭದಲ್ಲಿ ಹುಡುಗಿಯರ ಉಡುಪಿನ ಉದ್ದ ಕಾಲವನ್ನಲ್ಲ, ವಯಸ್ಸನ್ನು ಹೇಳುತ್ತಿತ್ತು. ಚಿಕ್ಕವರಿಗೆ ಮಂಡಿಯವರೆಗೆ, ಬೆಳೆದಂತೆ ಕೆಳಕ್ಕೆ, ಹದಿನೇಳು ಹದಿನೆಂಟಕ್ಕೆ ನೆಲದವರೆಗೆ. 1905ರಲ್ಲಿ ತೆಗೆದ ಹದಿನಾಲ್ಕರ ಹುಡುಗಿಯ ಫೋಟೋದಲ್ಲಿ ಅಂಚು ಮೀನಖಂಡದ ಮೇಲೆ ಇರುವುದು ಸಹಜ. ಬೆಳೆದ ಮೈಯ ಹುಡುಗಿಯಾದರೆ ಇಪ್ಪತ್ತು ವರ್ಷ ತಪ್ಪಿಹೋಗುತ್ತದೆ. ಜಡೆಯನ್ನು ಬೆನ್ನಿಗೆ ಇಳಿಬಿಟ್ಟಿದ್ದಾಳೆಯೇ, ಮೇಲೆ ಕಟ್ಟಿದ್ದಾಳೆಯೇ ಎಂದು ನೋಡಿದರೆ ಈ ತಪ್ಪು ತಪ್ಪುತ್ತದೆ, ಏಕೆಂದರೆ ಕೂದಲನ್ನು ಮೇಲೆ ಕಟ್ಟುವುದೂ ಉಡುಪು ನೆಲ ಮುಟ್ಟುವುದೂ ಒಂದೇ ವಯಸ್ಸಿಗೆ ಬರುತ್ತಿದ್ದವು. ಎರಡನೆಯದು ಸಂಜೆಯ ಉಡುಪು ಮತ್ತು ಮದುವೆಯ ಗೌನು. 1930ರ ದಶಕದಲ್ಲಿ ಹಗಲಿನ ಉಡುಪು ಮೀನಖಂಡದಲ್ಲಿದ್ದಾಗ ಸಂಜೆಯದು ನೆಲದವರೆಗಿತ್ತು. ಅಂಥವುಗಳಲ್ಲಿ ಅಂಚನ್ನು ಮರೆತು ನಡು, ಹೆಗಲುಗಳನ್ನಷ್ಟೇ ಓದಬೇಕು. ಸನ್ಯಾಸಿನಿಯರ ಉಡುಪಿಗೂ ನರ್ಸುಗಳ ಸಮವಸ್ತ್ರಕ್ಕೂ ಇವುಗಳಲ್ಲಿ ಯಾವುದೂ ನೇರವಾಗಿ ಅನ್ವಯಿಸುವುದಿಲ್ಲ.

ಬೆಂಗಳೂರಿನ ದಂಡು ಪ್ರದೇಶ, ಕೋಲಾರದ ಚಿನ್ನದ ಗಣಿ, ಕೊಡಗಿನ ಕಾಫಿ ತೋಟಗಳು, ಮಿಷನ್ ಶಾಲೆಗಳು ಇವುಗಳ ಹಳೆಯ ಫೋಟೋಗಳಲ್ಲಿ ಗೌನು ತೊಟ್ಟ ಇಂಗ್ಲಿಷ್, ಆಂಗ್ಲೋ ಇಂಡಿಯನ್ ಹೆಂಗಸರ ಪಕ್ಕದಲ್ಲೇ ಸೀರೆಯುಟ್ಟ ನಮ್ಮವರೂ ನಿಂತಿರುತ್ತಾರೆ. ಸೀರೆ ಪಾದದವರೆಗೆ ಇರುತ್ತದೆ, ನಡು ನೆರಿಗೆಯಲ್ಲಿ ಮರೆಯಾಗಿರುತ್ತದೆ, ಒಂದು ಹೆಗಲನ್ನು ಸೆರಗು ಮುಚ್ಚಿರುತ್ತದೆ. ಮೂರು ಸಾಕ್ಷಿಗಳಲ್ಲಿ ಉಳಿಯುವುದು ರವಿಕೆಯ ಒಂದು ತೋಳು ಮಾತ್ರ, ಅದರಿಂದ ದಶಕ ಹೇಳುವುದು ಕಷ್ಟ. ಅಂಥ ಫೋಟೋದಲ್ಲಿ ಗೌನಿನವರಲ್ಲಿ ಯಾರು ಚಿಕ್ಕ ವಯಸ್ಸಿನವರು ಎಂದು ಹುಡುಕಿ, ಅವರ ಹೆಗಲಿನಿಂದ ಆರಂಭಿಸಿ ಮೇಲಿನ ಕ್ರಮದಲ್ಲೇ ಓದಿದರೆ ಪಕ್ಕದ ಸೀರೆಗಳಿಗೂ ಒಂದು ಕಾಲ ಸಿಗುತ್ತದೆ. ಪ್ಯಾರಿಸ್, ಲಂಡನ್ನಿನ ಫ್ಯಾಷನ್ ಪತ್ರಿಕೆಗಳು ಹಡಗಿನಲ್ಲಿ ಕೆಲವು ವಾರಗಳಲ್ಲಿ ಇಲ್ಲಿಗೆ ಬರುತ್ತಿದ್ದವು, ಅವನ್ನು ನೋಡಿ ಹೊಲಿಯಬಲ್ಲ ದರ್ಜಿಗಳು ದಂಡಿನಲ್ಲಿದ್ದರು. ಆದ್ದರಿಂದ ಇಂಡಿಯಾದ ಫೋಟೋ ಎಂದಾಕ್ಷಣ ಹತ್ತು ವರ್ಷ ಹಿಂದೆ ಸರಿಸುವ ಅಗತ್ಯವಿಲ್ಲ. ಆರಂಭದ ವರ್ಷವನ್ನು ಹಾಗೆಯೇ ಇಟ್ಟು, ಕೊನೆಯ ವರ್ಷವನ್ನು ಎರಡು ಮೂರು ವರ್ಷ ಮುಂದಕ್ಕೆ ಸರಿಸಿದರೆ ಸಾಕು.